ಸ್ವಿಚ್ಚು ಒತ್ತಿದ ಮೊದಲ ಕ್ಷಣ

ಕೊಳ್ಳೇಗಾಲ, ಹನೂರು, ಯಳಂದೂರುಗಳ ವಿದ್ಯಾರ್ಥಿಗಳಲ್ಲಿ ಶಿವನಸಮುದ್ರವನ್ನು ನೋಡದವರು ವಿರಳ. 1902ರಲ್ಲಿ ಅಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಂಥ ಉದ್ದವಾದ ತಂತಿಗೆ ವಿದ್ಯುತ್ತನ್ನು ಒಮ್ಮೆಲೇ ಜೋಡಿಸಿದಾಗ, ಆಚೆಯ ತುದಿಯಲ್ಲಿ ಕ್ಷಣಕಾಲ ನಾವು ಕೊಟ್ಟ ವೋಲ್ಟೇಜಿಗಿಂತ ಹೆಚ್ಚು ವೋಲ್ಟೇಜು ಕಾಣಿಸಿಕೊಳ್ಳಬಹುದು. ಕೊಟ್ಟುದಕ್ಕಿಂತ ಹೆಚ್ಚು ಬರುವುದು ಹೇಗೆ? ಇದನ್ನು ತಿಳಿಯಲು ಪ್ರಯೋಗಶಾಲೆಯ ಸರಳ ಮಂಡಲವೊಂದು ಸಾಕು.

ಒಂದು ರೋಧಕ (R), ಒಂದು ಪ್ರೇರಕ ಸುರುಳಿ (L), ಒಂದು ಧಾರಕ (C) ಇವುಗಳನ್ನು ಶ್ರೇಣಿಯಲ್ಲಿ ಜೋಡಿಸಿ, ಸ್ವಿಚ್ಚಿನ ಮೂಲಕ 10 ವೋಲ್ಟಿನ ಬ್ಯಾಟರಿಗೆ ಸೇರಿಸೋಣ. ಧಾರಕವು ಮೊದಲು ಬರಿದಾಗಿರಲಿ. ಸ್ವಿಚ್ಚು ಒತ್ತಿದೊಡನೆ ಪ್ರವಾಹ ಹರಿದು ಧಾರಕ ತುಂಬತೊಡಗುತ್ತದೆ. ಅದರ ವೋಲ್ಟೇಜು 10ನ್ನು ಮುಟ್ಟಿದಾಗ ಪ್ರವಾಹ ನಿಲ್ಲಬೇಕೆಂದು ತೋರುತ್ತದೆ. ಆದರೆ ಸುರುಳಿಯು ಹರಿಯುವ ಪ್ರವಾಹವನ್ನು ಥಟ್ಟನೆ ನಿಲ್ಲಗೊಡುವುದಿಲ್ಲ. ಓಡುವ ಬಂಡಿಯ ಜಡತ್ವದಂತೆ ಅದು ಇನ್ನಷ್ಟು ವಿದ್ಯುದಂಶವನ್ನು ಧಾರಕಕ್ಕೆ ತಳ್ಳುತ್ತದೆ. ಹೀಗೆ ಧಾರಕದ ವೋಲ್ಟೇಜು ಬ್ಯಾಟರಿಯದನ್ನು ಮೀರುತ್ತದೆ; ಅನಂತರ ಪ್ರವಾಹ ಹಿಂದಿರುಗುತ್ತದೆ. ಈ ಓಲಾಟದ ಶಕ್ತಿಯನ್ನು ಶಾಖವಾಗಿ ಕಳೆದು ತಣಿಸುವುದು ರೋಧದ ಕೆಲಸ. ಇದಕ್ಕೆ ಅವಮಂದನವೆಂದು ಹೆಸರು.

ಈ ತಣಿಸುವಿಕೆ ಎಷ್ಟು ಬಲವಾದುದೆಂಬುದನ್ನು ಒಂದೇ ಸಂಖ್ಯೆ ತಿಳಿಸುತ್ತದೆ. ಅದೇ ಅವಮಂದನ ನಿಷ್ಪತ್ತಿ:

ζ = (R/2) √(C/L)

ನಮ್ಮ ಸುರುಳಿಯ ಪ್ರೇರಕತೆ 0.1 ಹೆನ್ರಿ, ಧಾರಕದ ಧಾರಕತೆ 0.1 ಮೈಕ್ರೊಫ್ಯಾರಡ್ ಆಗಿರಲಿ. ಆಗ ಲೆಕ್ಕವು ζ = R/2000 ಎಂದು ಸುಲಭವಾಗುತ್ತದೆ. ಇನ್ನು R ಒಂದನ್ನೇ ಬದಲಿಸುತ್ತ ಹೋಗೋಣ.

ಮೊದಲು R = 5000 ಓಮ್; ζ = 2.5. ಇದು ಒಂದಕ್ಕಿಂತ ಹೆಚ್ಚಾದುದರಿಂದ ಅಧಿಕ ಅವಮಂದನ. ವೋಲ್ಟೇಜು ಓಲಾಡದೆ, 10ನ್ನು ಎಂದೂ ಮೀರದೆ, ತೆವಳುತ್ತ ಏರುತ್ತದೆ. ಅದು 10ರ ನೂರಕ್ಕೆ 2 ಭಾಗದಷ್ಟು ಸಮೀಪ ಬರಲು ಸುಮಾರು 1.9 ಮಿಲಿಸೆಕೆಂಡು ಹಿಡಿಯುತ್ತದೆ.

ಎರಡನೆಯದಾಗಿ R = 2000 ಓಮ್; ζ = 1. ಇದು ಕ್ರಾಂತಿಕ ಅವಮಂದನ. ಇಲ್ಲಿಯೂ ಓಲಾಟವಿಲ್ಲ, ಆದರೆ ಅಷ್ಟೇ ಸಮೀಪಕ್ಕೆ 0.58 ಮಿಲಿಸೆಕೆಂಡಿನಲ್ಲಿಯೇ ಬರುತ್ತದೆ. ಮೇರೆ ಮೀರದೆ ಏರುವ ದಾರಿಗಳಲ್ಲಿ ಇದೇ ಅತಿ ಶೀಘ್ರವಾದುದು.

ಮೂರನೆಯದಾಗಿ R = 400 ಓಮ್; ζ = 0.2. ಇದು ಅಲ್ಪ ಅವಮಂದನ. ವೋಲ್ಟೇಜು 0.32 ಮಿಲಿಸೆಕೆಂಡಿನಲ್ಲಿ 15.27 ವೋಲ್ಟಿಗೆ ನೆಗೆಯುತ್ತದೆ, ಅನಂತರ 7.23ಕ್ಕೆ ಇಳಿದು, ಮತ್ತೆ 11.46ಕ್ಕೆ ಏರಿ, ಕ್ರಮೇಣ 10ರಲ್ಲಿ ನೆಲೆಗೊಳ್ಳುತ್ತದೆ. ಬೇಗ ಏರಿದರೂ ನೆಲೆಗೊಳ್ಳಲು ಅದಕ್ಕೆ 2 ಮಿಲಿಸೆಕೆಂಡು ಬೇಕು. ಎಂದರೆ ಅತಿಯಾದ ರೋಧವೂ ಅತಿ ಕಡಮೆಯಾದ ರೋಧವೂ ಸಮನಾಗಿ ತಡಮಾಡುತ್ತವೆ. 12 ವೋಲ್ಟನ್ನು ಮಾತ್ರ ತಾಳಬಲ್ಲ ಧಾರಕವನ್ನು 10 ವೋಲ್ಟಿಗೆ ಸಾಕೆಂದು ನಂಬಿ ಇಲ್ಲಿ ಬಳಸಿದರೆ ಅದು ಕೆಡುವ ಸಂಭವವುಂಟು.

ಮೊದಲ ನೆಗೆತದ ಪ್ರಮಾಣವನ್ನು ಕೊಡುವ ಸೂತ್ರವಿದು:

e^(−πζ/√(1−ζ²))

ζ = 0.2 ಆದಾಗ ಇದರ ಬೆಲೆ 0.527. ಆದುದರಿಂದ 10 ವೋಲ್ಟಿನ ಮೇಲೆ 5.27 ವೋಲ್ಟು ಹೆಚ್ಚುತ್ತದೆ. ಮುಂದಿನ ಪ್ರತಿಯೊಂದು ಓಲಾಟವೂ ಹಿಂದಿನದರ 0.527ರಷ್ಟಾಗುತ್ತದೆ.

ಪ್ರಯೋಗಮಾಡುವವರು ಒಂದು ವಿಷಯವನ್ನು ಗಮನಿಸಬೇಕು. ಸುರುಳಿಯ ತಂತಿಗೂ ರೋಧವುಂಟು. ಅದು 100 ಓಮ್ ಇದ್ದು, ನಾವು ಹೊರಗೆ 400 ಓಮ್ ಸೇರಿಸಿದರೆ ಒಟ್ಟು ರೋಧ 500 ಓಮ್ ಆಗಿ, ζ = 0.25 ಆಗುತ್ತದೆ, ಆಸಿಲೋಸ್ಕೋಪಿನ ಮೊದಲ ಶಿಖರ 15.27ಕ್ಕೆ ಬದಲು 14.44 ತೋರುತ್ತದೆ. ಶಿಖರವು ಲೆಕ್ಕಕ್ಕಿಂತ ತಗ್ಗಿದ್ದರೆ ಮಂಡಲದಲ್ಲಿ ಎಣಿಕೆಗೆ ಬಾರದ ರೋಧವಿದೆಯೆಂದು ಮೊದಲು ಶಂಕಿಸಬೇಕು.

ಈಗ ಶಿವನಸಮುದ್ರದ ತಂತಿಗೆ ಮರಳೋಣ. ತಂತಿಗೆ ತನ್ನದೇ ಪ್ರೇರಕತೆಯೂ, ನೆಲದೊಡನೆ ಹಾಗೂ ಪಕ್ಕದ ತಂತಿಗಳೊಡನೆ ಧಾರಕತೆಯೂ ಉಂಟು; ರೋಧವಾದರೋ ಸ್ವಲ್ಪ. ಅಲ್ಲಿಯದು ಬ್ಯಾಟರಿಯ ನೇರ ಪ್ರವಾಹವಲ್ಲ, ಸೆಕೆಂಡಿಗೆ 25 ಸಲ ಆವರ್ತಿಸುವ ಪರ್ಯಾಯ ಪ್ರವಾಹ. ಆದರೂ ಒಂದು ಆವರ್ತಕ್ಕೆ 40 ಮಿಲಿಸೆಕೆಂಡು ಬೇಕು. 147 ಕಿಲೋಮೀಟರಿನ ತಂತಿಯ ಸ್ವಂತ ಓಲಾಟಕ್ಕೆ ಸುಮಾರು 2 ಮಿಲಿಸೆಕೆಂಡು ಸಾಕು. ಆದಕಾರಣ ಮೊದಲ ಓಲಾಟದ ಮಟ್ಟಿಗೆ ಬಂದ ವೋಲ್ಟೇಜು ಸ್ಥಿರವಾದುದೆಂದೇ ಎಣಿಸಬಹುದು. ಆಚೆಯ ತುದಿಗೆ ಯಂತ್ರಗಳಾವುವೂ ಜೋಡಣೆಯಾಗಿರದಿದ್ದರೆ ζ ಸೊನ್ನೆಗೆ ಸಮೀಪವಾಗಿ, ಅಲ್ಲಿನ ವೋಲ್ಟೇಜು ಕೊಟ್ಟುದರ ಇಮ್ಮಡಿಯ ಹತ್ತಿರ ಹೋಗಬಲ್ಲದು. ನಿಜವಾದ ತಂತಿಯಲ್ಲಿ L ಮತ್ತು C ಉದ್ದಕ್ಕೂ ಹರಡಿಕೊಂಡಿರುವುದರಿಂದ ಅಲೆಯ ಆಕಾರ ನಮ್ಮ ಮಂಡಲದಂತೆಯೇ ಇರುವುದಿಲ್ಲ. ಕಾರಣ ಮಾತ್ರ ಒಂದೇ.

ಇದಕ್ಕೆ ಪರಿಹಾರವೂ ζ ಸೂತ್ರದಲ್ಲಿಯೇ ಇದೆ. ಅತ್ಯುಚ್ಚ ವೋಲ್ಟೇಜಿನ ಕೆಲವು ಸರ್ಕಿಟ್ ಬ್ರೇಕರುಗಳು ತಂತಿಯನ್ನು ಮೊದಲು ಒಂದು ರೋಧಕದ ಮೂಲಕ ಸೇರಿಸುತ್ತವೆ. ಓಲಾಟ ತಣಿದ ಕೆಲವೇ ಮಿಲಿಸೆಕೆಂಡುಗಳಲ್ಲಿ ಆ ರೋಧಕವನ್ನು ಬಿಟ್ಟು ನೇರ ದಾರಿಯನ್ನು ತೆರೆಯುತ್ತವೆ.