ಪ್ರಶ್ನೆ ನಾಲ್ಕಿದ್ದರೆ ನಂಬರು ಹಾಕಿ

ಅಥಣಿ, ರಾಯಬಾಗ ಕಡೆಯ ಕಬ್ಬು ಬೆಳೆಗಾರರೊಬ್ಬರು ಕಾರ್ಖಾನೆಗೆ ಇಮೇಲ್ ಬರೆಯುತ್ತಾರೆ ಅನ್ನಿ. ನಿವ್ವಳ ತೂಕ ಎಷ್ಟು ಹಿಡಿದಿರಿ, ಟನ್ನಿಗೆ ಯಾವ ದರ, ಕಟಾವು-ಸಾಗಣೆಗೆ ಎಷ್ಟು ಮುರಿದುಕೊಂಡಿರಿ, ಬಿಲ್ಲು ಯಾವ ತಾರೀಖಿಗೆ ಜಮಾ? ನಾಲ್ಕನ್ನೂ ಒಂದೇ ಪ್ಯಾರಾದಲ್ಲಿ ಸುರಿದರೆ 'ಬಿಲ್ಲು ಬೇಗ ಜಮಾ ಆಗುತ್ತದೆ' ಎಂಬ ಒಂದೇ ಸಾಲು ಬರಬಹುದು. ಓದುವವರು ಸುಲಭದ ಪ್ರಶ್ನೆಗೆ ಉತ್ತರಿಸಿ ಮುಗಿಸುತ್ತಾರೆ. ಅದರಲ್ಲಿ ದುರುದ್ದೇಶ ಇರಲೇಬೇಕೆಂದಿಲ್ಲ. ಆದರೆ 1966ರ ಕಬ್ಬು ನಿಯಂತ್ರಣ ಆದೇಶದಂತೆ, ಬೇರೆ ಲಿಖಿತ ಒಪ್ಪಂದವಿಲ್ಲದಿದ್ದರೆ, ಕಬ್ಬು ಕೊಟ್ಟ 14 ದಿನದೊಳಗೆ ಹಣ ಪಾವತಿಸಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಹಾಗಿರುವಾಗ 'ಬೇಗ' ಎಂಬುದು ಉತ್ತರವೇ ಅಲ್ಲ. 1ರಿಂದ 4ರವರೆಗೆ ನಂಬರು ಹಾಕಿ ಕೇಳಿದ್ದರೆ ಖಾಲಿ ಉಳಿದದ್ದು ಇಬ್ಬರಿಗೂ ಕಾಣುತ್ತಿತ್ತು, '3ಕ್ಕೆ ಉತ್ತರ ಬಾಕಿ ಇದೆ' ಎಂದು ಮತ್ತೆ ಬರೆದರೆ ಸಾಕಾಗುತ್ತಿತ್ತು. ಬರೀ ಚುಕ್ಕಿ ಇಟ್ಟರೆ ಈ ಅನುಕೂಲ ಇಲ್ಲ, ಚುಕ್ಕಿಗೆ ಹೆಸರಿಲ್ಲವಲ್ಲ. ನಿಪ್ಪಾಣಿ, ಕಾಗವಾಡದ ಕಡೆ ಉತ್ತರ ಮರಾಠಿಯಲ್ಲಿ ಬಂದರೂ ನಂಬರು ತಾಳೆಯಾಗುತ್ತದೆ.

ಹೀಗೆ ಬರೆದರೆ ನೋಟಿಸು ಕೊಟ್ಟಂತೆ ಕಾಣುತ್ತದೆ ಎಂಬ ಆಕ್ಷೇಪವುಂಟು. ನಿಜ, ಪಟ್ಟಿಯಿಂದಲೇ ಶುರು ಮಾಡಿದರೆ ಹಾಗನ್ನಿಸುತ್ತದೆ. ನಮಸ್ಕಾರ ಹೇಳಿ, ಕಬ್ಬು ಕಳಿಸಿದ ದಿನ, ತೂಕದ ಚೀಟಿಯ ನಂಬರು ಬರೆದು ಆಮೇಲೆ ಕೇಳಿದರೆ ಬಿರುಸು ಉಳಿಯದು. ಒಂದು ನಂಬರಿಗೆ ಒಂದೇ ಪ್ರಶ್ನೆ ಇರಲಿ; 'ದರ ಎಷ್ಟು, ಯಾವಾಗ ಕೊಡುತ್ತೀರಿ' ಎಂದು ಜೋಡಿಸಿದರೆ ಅರ್ಧ ಉತ್ತರವೇ ಗತಿ. ಮೊದಲ ಉತ್ತರದ ಮೇಲೆ ಎರಡನೆಯ ಪ್ರಶ್ನೆ ನಿಂತಿದ್ದರೆ ಪಟ್ಟಿ ಬೇಡ, ಒಂದನ್ನೇ ಕೇಳಿ.