ಮೊದಲ ಸಾಲಿನಲ್ಲೇ ಸಮಯ ಬರಲಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕ್ರೀಡಾಕೂಟಗಳ ವರದಿ ಬರೆಯುವವರಿಗೊಂದು ಕಿವಿಮಾತು: ಓಟಗಾರ್ತಿಯ ರೂಪ, ಮನೆತನಕ್ಕಿಂತ ಮೊದಲು ಓಟವನ್ನು ಬರೆಯಿರಿ. ಒಂದು ಉದಾಹರಣೆ ನೋಡಿ. 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನ ಎರಡೂ ಚಿನ್ನ ನಮ್ಮವೇ: ಪುರುಷರಲ್ಲಿ ಜೋಸೆಫ್ ಅಬ್ರಹಾಂ, ಮಹಿಳೆಯರಲ್ಲಿ ಕುಂದಾಪುರ ಸೀಮೆಯ ಅಶ್ವಿನಿ ಅಕ್ಕುಂಜಿ. ‘ರೈತನ ಮಗಳು, ನಗುಮೊಗದ ಚೆಲುವೆ ಚಿನ್ನ ಗೆದ್ದಳು’ ಎಂದು ಬರೆದರೆ ಓಟವೇ ಕಾಣೆ. ‘ಹತ್ತು ಹರ್ಡಲ್ ದಾಟಿ 56.15 ಸೆಕೆಂಡಿನಲ್ಲಿ ಗುರಿ ಮುಟ್ಟಿದ ಅಶ್ವಿನಿ, ಚೀನಾದ ಓಟಗಾರ್ತಿಯನ್ನು ಹಿಂದಿಕ್ಕಿದರು’ ಎಂದು ತಿದ್ದಿ. ಏಕವಚನವೂ ಹೋಯಿತು, ನೋಡಿ! ಯಾವುದೇ ಪದದ ಬಗ್ಗೆ ಅನುಮಾನ ಬಂದರೆ ಆ ವಾಕ್ಯದಲ್ಲಿ ಅಶ್ವಿನಿಯ ಬದಲು ಜೋಸೆಫ್ ಹೆಸರಿಟ್ಟು ಓದಿ. ನಗು ಬರಿಸುವ ಪದವನ್ನು ಹೊಡೆದುಹಾಕಿ. ಮನೆಯ ಕಥೆ ಬೇಕೆನಿಸಿದರೆ, ಅದರಿಂದ ತರಬೇತಿಗೆ ಏನು ಅಡ್ಡಿ, ಏನು ಆಸರೆ ಆಯಿತೆಂದು ಕೇಳಿ ಪರಿಚಯ ಲೇಖನದಲ್ಲಿ ಬರೆಯಿರಿ. ತಾಲ್ಲೂಕು ಕೂಟದಲ್ಲಿ ಪದಕ ಕೊಡುವ ಫೋಟೊಗೆ ಓಡುವ ಮೊದಲು ತೀರ್ಪುಗಾರರ ಹಾಳೆಯಿಂದ ಸಮಯ ಬರೆದುಕೊಳ್ಳಿ.