ಎರಡು ಹಾಳೆ ಒಟ್ಟಿಗೆ ಎಳೆಯುವ ಪ್ರಿಂಟರ್: ಕನಕಗಿರಿಯ ಅಂಗಡಿಯಲ್ಲಿ ಕಲಿತದ್ದು

ಕನಕಗಿರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪ್ರಿಂಟು, ಸ್ಕ್ಯಾನು, ಕಾಪಿ ಮೂರೂ ಒಂದರಲ್ಲೇ ಆಗುವ ಮಷೀನು ಇಟ್ಟುಕೊಂಡಿದ್ದೇನೆ. ಅದರ ಮುಚ್ಚಳದ ಮೇಲೆ ಎಡಿಎಫ್ ಇದೆ. ಹಾಳೆಗಳ ಕಟ್ಟು ಇಟ್ಟರೆ ಒಂದೊಂದಾಗಿ ತಾನೇ ಎಳೆದುಕೊಂಡು ಸ್ಕ್ಯಾನ್ ಮಾಡುತ್ತದೆ. ಒಂದೊಂದಾಗಿ ಎಳೆಯುವುದನ್ನು ಬಿಟ್ಟು ಎರಡು ಮೂರು ಎಳೆಯಲು ಶುರು ಮಾಡಿದಾಗ ನಾನು ಮಾಡಿಕೊಂಡ ಯಡವಟ್ಟುಗಳನ್ನು ಇಲ್ಲಿ ಬರೆದಿದ್ದೇನೆ. ಇಂಥ ಮಷೀನು ಇಟ್ಟುಕೊಂಡವರಿಗೆ ಉಪಯೋಗವಾದೀತು.

1. ಹಾಳೆ ಎಣಿಸದೆ ಪಿಡಿಎಫ್ ಕೊಡಬೇಡಿ

ಜಮೀನಿನ ದಾವೆಯೊಂದರ ಕಾಗದಗಳನ್ನು ವಕೀಲರ ಗುಮಾಸ್ತರೊಬ್ಬರು ಸ್ಕ್ಯಾನಿಗೆ ತಂದಿದ್ದರು. ಒಟ್ಟು 64 ಹಾಳೆ, ಎಲ್ಲವೂ ಒಂದೇ ಮಗ್ಗುಲಿನವು. ಎಡಿಎಫ್‌ಗೆ ಹಾಕಿದೆ, ಎಲ್ಲೂ ಸಿಕ್ಕಿಕೊಳ್ಳದೆ ಸರಸರನೆ ಹೋದವು. ಪಿಡಿಎಫ್ ಕಳಿಸಿ ದುಡ್ಡೂ ಇಸಿದುಕೊಂಡೆ. ಸಂಜೆ ಅವರು ಮತ್ತೆ ಬಂದರು. ‘ಅಣ್ಣಾರ, 23ನೇ ಹಾಳಿ ಎಲ್ಲೈತ್ರಿ? 41ನೇದೂ ಕಾಣವಲ್ದು’ ಎಂದರು. ನೋಡಿದರೆ ಪಿಡಿಎಫ್‌ನಲ್ಲಿ ಇದ್ದದ್ದು 62 ಪುಟ. ಎರಡು ಕಡೆ ಹಾಳೆಗಳು ಜೋಡಿಯಾಗಿ ಹೋಗಿದ್ದವು. ಮೇಲಿನದು ಕೆಳಗಿನದನ್ನು ಮುಚ್ಚಿಕೊಂಡು ಹೋದರೆ ಕ್ಯಾಮೆರಾ ಕಣ್ಣಿಗೆ ಬೀಳುವುದು ಒಂದೇ.

ಹಾಳೆ ಸಿಕ್ಕಿಕೊಂಡರೆ ಮಷೀನು ಕೂಗಿ ಹೇಳುತ್ತದೆ. ಜೋಡಿ ಹೋದರೆ ಸುಮ್ಮನಿರುತ್ತದೆ. ದೊಡ್ಡ ಸ್ಕ್ಯಾನರ್‌ಗಳಲ್ಲಿ ಜೋಡಿಯನ್ನು ಪತ್ತೆ ಹಚ್ಚುವ ಸೆನ್ಸರ್ ಇರುತ್ತದೆ, ನಮ್ಮಂಥ ಅಂಗಡಿಯ ಸಣ್ಣ ಮಷೀನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಂದಿನಿಂದ ಗಿರಾಕಿಯ ಎದುರೇ ಹಾಳೆ ಎಣಿಸುತ್ತೇನೆ, ಆಮೇಲೆ ಪಿಡಿಎಫ್‌ನ ಪುಟಗಳ ಲೆಕ್ಕಕ್ಕೆ ತಾಳೆ ನೋಡುತ್ತೇನೆ. ಎರಡೂ ಮಗ್ಗುಲು ಸ್ಕ್ಯಾನ್ ಮಾಡಿದ್ದರೆ ಪುಟ ಹಾಳೆಯ ಎರಡರಷ್ಟು ಬರಬೇಕು.

2. ಜೋಡಿ ಬಂದರೆ ಪ್ಯಾಡ್ ನೋಡಿ, ಒಂದೂ ಬಾರದಿದ್ದರೆ ರೋಲರ್ ನೋಡಿ

ಇದು ತಿಳಿಯದೆ ನಾನು ಬಹಳ ದಿನ ಒದ್ದಾಡಿದೆ. ಜೋಡಿ ಹೋಗುತ್ತಿದೆ ಅಂದರೆ ಎಳೆಯುವ ರೋಲರಿನದೇ ತಪ್ಪು ಎಂದುಕೊಂಡು ಅದನ್ನೇ ಮತ್ತೆ ಮತ್ತೆ ಒರೆಸಿದೆ. ಜೋಡಿ ಕಡಿಮೆಯಾಗಲಿಲ್ಲ.

ಎಡಿಎಫ್‌ನ ಮುಚ್ಚಳ ಎತ್ತಿದರೆ ಮೇಲೆ ರಬ್ಬರಿನ ರೋಲರುಗಳು ಕಾಣುತ್ತವೆ. ಅವುಗಳ ಎದುರಿಗೆ ಕೆಳಗೆ ಬೆರಳಗಲದ ಒಂದು ಪಟ್ಟಿ, ಸ್ಪ್ರಿಂಗಿನ ಮೇಲೆ ಕೂತಿರುತ್ತದೆ. ಅದೇ ಸಪರೇಶನ್ ಪ್ಯಾಡ್. ರೋಲರ್ ಮೇಲಿನ ಹಾಳೆಯನ್ನು ಮುಂದಕ್ಕೆ ಎಳೆಯುತ್ತದೆ, ಪ್ಯಾಡು ಕೆಳಗಿನದನ್ನು ತಡೆದು ನಿಲ್ಲಿಸುತ್ತದೆ. ಹಾಳೆಗೂ ಹಾಳೆಗೂ ಇರುವ ಹಿಡಿತಕ್ಕಿಂತ ಪ್ಯಾಡಿನ ಹಿಡಿತ ಜಾಸ್ತಿ ಇರಬೇಕು, ಪ್ಯಾಡಿಗಿಂತ ರೋಲರಿನ ಹಿಡಿತ ಜಾಸ್ತಿ ಇರಬೇಕು. ಪ್ಯಾಡು ಸವೆದು ನುಣುಪಾದರೆ ಕೆಳಗಿನ ಹಾಳೆಯನ್ನು ತಡೆಯುವವರೇ ಇರುವುದಿಲ್ಲ, ಮೇಲಿನದರ ಬೆನ್ನು ಹತ್ತಿ ಅದೂ ಹೊರಡುತ್ತದೆ. ರೋಲರ್ ಸವೆದರೆ ಆಗುವುದು ಬೇರೆ: ಗರಗರ ತಿರುಗುತ್ತದೆ, ಹಾಳೆ ಮಾತ್ರ ಕದಲುವುದಿಲ್ಲ, ಇಲ್ಲವೇ ತಡವಾಗಿ ಸೊಟ್ಟಗೆ ಹೊರಡುತ್ತದೆ.

ನನ್ನ ಮಷೀನಿನ ಪ್ಯಾಡನ್ನು ಟಾರ್ಚು ಹಿಡಿದು ನೋಡಿದಾಗ ನಡುವೆ ರೋಲರಿನಷ್ಟೇ ಅಗಲದ ಒಂದು ತಗ್ಗು ಬಿದ್ದಿತ್ತು. ತಗ್ಗಿನ ಒಳಗೆ ಕನ್ನಡಿಯಂತೆ ಹೊಳಪು, ಅಂಚುಗಳಲ್ಲಿ ಮಾತ್ರ ಹಳೆಯ ತರಿ ಉಳಿದಿತ್ತು. ಆ ಸ್ಥಿತಿಗೆ ಬಂದ ಪ್ಯಾಡು ಒರೆಸಿದರೆ ಸರಿಹೋಗುವುದಿಲ್ಲ. ಉಪ್ಪುಕಾಗದದಿಂದ ಉಜ್ಜಿ ತರಿ ಮಾಡಿದೆ. ಸ್ವಲ್ಪ ದಿನ ನಡೆಯಿತು, ಮತ್ತೆ ಅದೇ ಕಥೆ. ಬದಲಿಸುವುದೇ ದಾರಿ.

ಪ್ಯಾಡಿಗೆ ಕೈ ಹಾಕುವ ಮೊದಲು ಕಾಗದವನ್ನೂ ನೋಡಿ. ಪಿನ್ನು ಕಿತ್ತ ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಈಗ ತಾನೆ ಪ್ರಿಂಟ್ ಆದ ಹಾಳೆಗಳು ನಮ್ಮ ಬೇಸಿಗೆಯ ಒಣ ಹವೆಗೆ ಕರೆಂಟು ಹಿಡಿದಂತೆ ಅಂಟಿಕೊಳ್ಳುತ್ತವೆ. ಕಟ್ಟನ್ನು ಬಾಗಿಸಿ, ಅಂಚು ಬಿಡಿಸಿ, ಗಾಳಿ ಆಡುವಂತೆ ಬೀಸಿ ಇಟ್ಟರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

3. ರೋಲರ್ ಒರೆಸಲು ನೀರು ಸಾಕು

ಒಂದು ರೋಲರನ್ನು ನಾನೇ ಹಾಳು ಮಾಡಿದೆ. ಜಿಡ್ಡು ಬೇಗ ಹೋಗಲಿ ಎಂದು ಪೇಂಟಿನ ಥಿನ್ನರ್ ಹಚ್ಚಿ ಒರೆಸಿದೆ. ಕಪ್ಪಗೆ ಫಳಫಳ ಹೊಳೆಯಿತು. ಆಮೇಲೆ ರಬ್ಬರು ಉಬ್ಬಿ, ಮೆತ್ತಗಾಗಿ ಬೆರಳಿಗೆ ಅಂಟತೊಡಗಿತು. ಥಿನ್ನರ್, ಪೆಟ್ರೋಲ್, ಸೀಮೆಎಣ್ಣೆ ಯಾವುದೂ ರಬ್ಬರಿನ ಹತ್ತಿರ ಹೋಗಬಾರದು.

ಈಗ ಮಾಡುವುದು ಇಷ್ಟೇ. ಸ್ವಿಚ್ಚು ಆರಿಸಿ ಪ್ಲಗ್ಗು ಕೀಳುತ್ತೇನೆ. ನೂಲು ಬಿಡದ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹನಿ ಬೀಳದ ಹಾಗೆ ಹಿಂಡಿ, ರೋಲರನ್ನು ಬೆರಳಿನಿಂದ ತಿರುಗಿಸುತ್ತ ಸುತ್ತಲೂ ಒರೆಸುತ್ತೇನೆ. ಕಾಣುವ ಒಂದೇ ಮಗ್ಗುಲು ಒರೆಸಿ ಬಿಟ್ಟರೆ ಉಳಿದ ಭಾಗ ಜಾರುತ್ತಲೇ ಇರುತ್ತದೆ. ಬಿಳಿ ಬಟ್ಟೆಯ ಮೇಲೆ ಬೂದು ಬಣ್ಣದ ಪಟ್ಟೆ ಮೂಡುತ್ತದೆ. ಅದರಲ್ಲಿ ರಸ್ತೆಯ ಧೂಳಿಗಿಂತ ಕಾಗದದ ಪುಡಿಯೇ ಹೆಚ್ಚು. ಪಟ್ಟೆ ಮೂಡುವುದು ನಿಲ್ಲುವವರೆಗೆ ಬಟ್ಟೆಯ ಮಗ್ಗುಲು ಬದಲಿಸಿ ಒರೆಸಿ, ಪೂರ್ತಿ ಒಣಗಿದ ಮೇಲೆ ಮುಚ್ಚುತ್ತೇನೆ. ಒಣಗಿದ ಮೇಲೂ ಬೆರಳು ರಬ್ಬರಿನ ಮೇಲೆ ಜಾರಿದರೆ ಅದು ಗಟ್ಟಿಯಾಗಿದೆ ಎಂದರ್ಥ. ಅದನ್ನು ಇನ್ನೆಷ್ಟು ಒರೆಸಿದರೂ ಹಿಡಿತ ಬರುವುದಿಲ್ಲ.

4. ಸೊಟ್ಟ ಬಂದರೆ ಮೊದಲು ಗಾಜಿನ ಮೇಲೆ ಇಟ್ಟು ನೋಡಿ

ಸ್ಕ್ಯಾನು ವಾರೆಯಾದರೆ ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿ ಕೊಟ್ಟುಬಿಡುತ್ತಿದ್ದೆ. ಅದರಿಂದ ಮಷೀನಿನ ರೋಗ ಮುಚ್ಚಿಹೋಗುತ್ತಿತ್ತು, ಕಾಗದದ ಅಂಚಿನ ಸಹಿ ಸೀಲುಗಳೂ ಕೆಲವು ಸಲ ಕತ್ತರಿಸಿ ಹೋಗುತ್ತಿದ್ದವು.

ಒಂದು ಎ4 ಹಾಳೆಯ ಮೇಲೆ ಎಡ ಅಂಚಿನಿಂದ ಸರಿಯಾಗಿ 20 ಮಿ.ಮೀ. ಒಳಗೆ, ಮೇಲಿಂದ ಕೆಳಗೆ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ಮೊದಲು ಗಾಜಿನ ಮೇಲೆ ಅಂಚಿಗೆ ಕೂಡಿಸಿಟ್ಟು ಕಾಪಿ ತೆಗೆಯಿರಿ. ಅದೇ ಸೊಟ್ಟ ಬಂದರೆ ದೋಷ ಕೆಳಗಿನ ಟ್ರೇಯಲ್ಲಿದೆ. ಅದು ನೆಟ್ಟಗೆ ಬಂದು ಎಡಿಎಫ್‌ನಿಂದ ತೆಗೆದ ಕಾಪಿ ಮಾತ್ರ ಸೊಟ್ಟವಾದರೆ ಎಡಿಎಫ್‌ನದು. ಕಾಪಿಯಲ್ಲಿ ಗೆರೆಯ ಮೇಲಿನ ತುದಿ, ಕೆಳಗಿನ ತುದಿ ಎರಡೂ ಅಂಚಿನಿಂದ ಎಷ್ಟು ದೂರ ಇವೆ ಎಂದು ಅಳೆಯಿರಿ. ಒಂದೆರಡು ಮಿ.ಮೀ. ವ್ಯತ್ಯಾಸಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನನ್ನದರಲ್ಲಿ 6 ಮಿ.ಮೀ. ಬಂತು. ಅದೇ ಹಾಳೆಯನ್ನು ಹಲವು ಸಲ ಹಾಕಿದೆ, ಪ್ರತಿ ಸಲವೂ ಒಂದೇ ಕಡೆಗೆ ವಾಲಿತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿದ್ದರೆ ಪಕ್ಕದ ಗೈಡುಗಳು ಸಡಿಲ ಎನ್ನಬಹುದಿತ್ತು. ಸದಾ ಒಂದೇ ಕಡೆ ಅಂದರೆ ರೋಲರಿನ ಒಂದು ಮಗ್ಗುಲು ಜಾರುತ್ತಿದೆ, ಇನ್ನೊಂದು ಎಳೆಯುತ್ತಿದೆ. ಬಿಚ್ಚಿ ನೋಡಿದರೆ ರೋಲರಿನ ಒಂದು ತುದಿಗೆ ಲೇಬಲ್ಲಿನ ಗೋಂದು ಮೆತ್ತಿಕೊಂಡಿತ್ತು. ಒರೆಸಿ ತೆಗೆದ ಮೇಲೆ ವ್ಯತ್ಯಾಸ ಒಂದು ಮಿ.ಮೀ.ಗೆ ಇಳಿಯಿತು.

ಗೈಡುಗಳು ಹಾಳೆಗೆ ತಾಗಿರಬೇಕು, ಒತ್ತಬಾರದು. ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟ ಪಹಣಿ, ಹಳೆಯ ಛಾಪಾ ಕಾಗದ, ಅಂಟಿಸಿದ ಫೋಟೊ ಇರುವ ಅರ್ಜಿಗಳನ್ನು ಎಡಿಎಫ್‌ಗೆ ಹಾಕಲೇಬೇಡಿ. ರೈತನ ಕೈಯಲ್ಲಿ ಇರುವುದು ಅದೊಂದೇ ಅಸಲು ಪ್ರತಿ ಆಗಿರಬಹುದು. ತಡವಾದರೂ ಗಾಜಿನ ಮೇಲೆಯೇ ಇಡಿ.

5. ಬಿಚ್ಚುವ ಮೊದಲು ಫೋಟೊ ತೆಗೆಯಿರಿ

ಹೊಸ ರೋಲರನ್ನು ಮಷೀನಿನ ಪೂರ್ತಿ ಮಾಡೆಲ್ ನಂಬರ್ ಹೇಳಿ ತರಿಸಿ. ನಂಬರಿನ ಕೊನೆಯ ಒಂದು ಅಕ್ಷರ ಬೇರೆಯಾದರೂ ಅಳತೆ ಬೇರೆ ಇರಬಹುದು. ನಾನು ‘ಇದೇ ಥರದ್ದು ಕೊಡ್ರಿ’ ಎಂದು ತಂದದ್ದು ಒಂದು ಕೂದಲೆಳೆ ದಪ್ಪ ಇತ್ತು, ಮುಚ್ಚಳ ಪೂರ್ತಿ ಕೂರಲಿಲ್ಲ. ರೋಲರ್ ಮತ್ತು ಪ್ಯಾಡು ಎರಡನ್ನೂ ಒಟ್ಟಿಗೇ ಬದಲಿಸುವುದು ಒಳ್ಳೆಯದು, ಒಂದರ ಹಿಡಿತಕ್ಕೆ ಇನ್ನೊಂದರ ಹಿಡಿತ ಹೊಂದಬೇಕಲ್ಲ.

ಕೆಲವು ರೋಲರುಗಳ ಒಳಗೆ ಕ್ಲಚ್ ಇರುತ್ತದೆ: ಒಂದು ಕಡೆಗೆ ಸಲೀಸಾಗಿ ತಿರುಗುತ್ತವೆ, ಇನ್ನೊಂದು ಕಡೆಗೆ ಹಿಡಿದುಕೊಳ್ಳುತ್ತವೆ. ಹಳೆಯದನ್ನು ತೆಗೆಯುವ ಮೊದಲು ಅದು ಯಾವ ಕಡೆಗೆ ಸಲೀಸು ಎಂದು ನೋಡಿಟ್ಟುಕೊಳ್ಳಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಉಲ್ಟಾ ಕೂಡಿಸಿದರೆ ಹೊಸ ರೋಲರೂ ಹಾಳೆ ಎಳೆಯುವುದಿಲ್ಲ. ಪ್ಯಾಡಿನ ಕೆಳಗಿನ ಸ್ಪ್ರಿಂಗು ಚಿಮ್ಮಿ ಬೀಳುತ್ತದೆ, ಅದನ್ನು ಬೆರಳಿನಿಂದ ಒತ್ತಿ ಹಿಡಿದೇ ಪ್ಯಾಡು ಎತ್ತಿ. ಹೊಸ ರಬ್ಬರನ್ನು ಮುಟ್ಟದೆ ಎರಡೂ ತುದಿಯ ಪ್ಲಾಸ್ಟಿಕ್ಕನ್ನೇ ಹಿಡಿಯಿರಿ. ಕೂಡಿಸಿದ ಮೇಲೆ ಗಿರಾಕಿಯ ಕಾಗದ ಹಾಕಬೇಡಿ. ಕೆಟ್ಟುಹೋದ ಪ್ರಿಂಟಿನ ಹಾಳೆಗಳಿಗೆ 1ರಿಂದ 20ರ ತನಕ ನಂಬರ್ ಹಾಕಿ ಎರಡು ಸಲ ಸ್ಕ್ಯಾನ್ ಮಾಡಿ, ಎರಡೂ ಸಲ ಇಪ್ಪತ್ತಕ್ಕೆ ಇಪ್ಪತ್ತು ಬಂದ ಮೇಲೆ ಕೆಲಸಕ್ಕೆ ಹಚ್ಚಿ.